ಬಾಯಿ ಬಿಡಬಾರದ ಆಮೆ: ಗೊಂಬೆ ಶೈಲಿಯ ಅನಿಮೇಷನ್ ಕಿರುಚಿತ್ರದ ಚಿತ್ರಕಥೆ, ಟಿಪ್ಪಣಿ

ಪಂಚತಂತ್ರದ ಆಮೆ ಮತ್ತು ಎರಡು ಹಂಸಗಳ ಕತೆಯನ್ನು ಮೂರು ನಿಮಿಷದ ಕಿರುಚಿತ್ರವಾಗಿ ಬರೆಯೋಣ. ಕೆರೆ ಬತ್ತುತ್ತದೆ. ಹಂಸಗಳು ಕೋಲಿನ ಎರಡು ತುದಿ ಹಿಡಿಯುತ್ತವೆ, ಆಮೆ ನಡುವೆ ಕಚ್ಚಿಕೊಳ್ಳುತ್ತದೆ. ಊರಿನ ಮೇಲೆ ಹಾರುವಾಗ ಕೆಳಗಿನ ಜನರ ಗದ್ದಲ ಕೇಳಿ ಆಮೆ ಬಾಯಿ ತೆರೆದು ಬೀಳುತ್ತದೆ. ಮೂಲದಲ್ಲಿ ಆಮೆಗೆ ಕಂಬುಗ್ರೀವ, ಹಂಸಗಳಿಗೆ ಸಂಕಟ, ವಿಕಟ ಎಂಬ ಹೆಸರಿದೆ. ಇಷ್ಟು ಚಿಕ್ಕ ಚಿತ್ರಕ್ಕೆ ಹೆಸರು ಬೇಕಿಲ್ಲ.

ಅಭ್ಯಾಸಕ್ಕೆ ಈ ಕತೆಯೇ ಯಾಕೆಂದರೆ, ಹಾರಾಟ ಶುರುವಾದ ಮೇಲೆ ಮೂರೂ ಪಾತ್ರಗಳ ಬಾಯಿ ಮುಚ್ಚಿರುತ್ತದೆ. ಆಮೆಯಷ್ಟೇ ಅಲ್ಲ, ಹಂಸಗಳೂ ಮಾತಾಡುವಂತಿಲ್ಲ. ಇದನ್ನು ಮರೆತು ಹಾರಾಟದ ನಡುವೆ ಹಂಸದ ಬಾಯಲ್ಲಿ "ಬಾಯಿ ಬಿಡಬೇಡ" ಎಂದು ಬರೆಯುವವರು ಬಹಳ ಜನ. ಹಾಗೆ ಬರೆದರೆ ಕತೆಯ ನಿಯಮ ಅಲ್ಲೇ ಮುರಿಯಿತು. ಹಂಸಗಳ ಎಚ್ಚರಿಕೆಯೆಲ್ಲ ನೆಲದ ಮೇಲಿರುವಾಗಲೇ ಮುಗಿಯಬೇಕು. ಆಕಾಶದಲ್ಲಿ ಕೇಳಿಸುವುದು ನಿರೂಪಕ ಮತ್ತು ಕೆಳಗಿನ ಜನ ಮಾತ್ರ.

ಸಮಯದ ಹಂಚಿಕೆ

180 ಸೆಕೆಂಡಿನಲ್ಲಿ ಕೆರೆ ಮತ್ತು ಬರಕ್ಕೆ 50, ಒಪ್ಪಂದಕ್ಕೆ 35, ಹಾರಾಟಕ್ಕೆ 70, ಬೀಳುವುದಕ್ಕೂ ಮುಕ್ತಾಯಕ್ಕೂ ಸೇರಿ 25. ಮೊದಲ ಭಾಗ ಹಿಗ್ಗದಂತೆ ನೋಡಿಕೊಳ್ಳಿ. ಕೆರೆಯ ನೀರಿನ ಗೆರೆ ಮೂರು ಸಲ ಕೆಳಗಿಳಿದರೆ ಬರ ಅರ್ಥವಾಗುತ್ತದೆ, ಅದಕ್ಕೆ ಮಾತೇ ಬೇಡ.

ನಿರೂಪಣೆಯನ್ನು ಪದ ಎಣಿಸಿ ಅಳೆಯಬೇಡಿ. ಕನ್ನಡದಲ್ಲಿ "ಬೀಳಿಸಿಕೊಂಡುಬಿಟ್ಟಿತು" ಕೂಡ ಒಂದೇ ಪದ. ಗಡಿಯಾರ ಎದುರಿಗಿಟ್ಟು, ನಿರೂಪಕ ಹೇಳುವ ನಿಧಾನದಲ್ಲೇ ಗಟ್ಟಿಯಾಗಿ ಓದಿ ಪ್ರತಿ ಸಾಲಿನ ಪಕ್ಕ ಸೆಕೆಂಡು ಬರೆಯಿರಿ. ದೃಶ್ಯದ ಅವಧಿಯ ಅರ್ಧಕ್ಕಿಂತ ಹೆಚ್ಚು ಹೊತ್ತು ಧ್ವನಿ ತುಂಬಿದ್ದರೆ ಗೊಂಬೆಗೆ ನಟಿಸಲು ಜಾಗ ಉಳಿಯುವುದಿಲ್ಲ.

ನಿರೂಪಕನ ಧ್ವನಿ

ಚಿತ್ರದಲ್ಲಿ ಕಾಣುವುದನ್ನು ನಿರೂಪಕ ಮತ್ತೆ ಹೇಳಬಾರದು. "ಹಂಸಗಳು ಮೇಲಕ್ಕೆ ಹಾರಿದವು" ಎನ್ನುವ ಸಾಲು ದಂಡ, ಅವು ಹಾರುವುದು ಕಾಣುತ್ತಲೇ ಇದೆ. ಕಾಣದ್ದು ಆಮೆಯ ಮನಸ್ಸು, ಅದನ್ನು ಹೇಳಬೇಕು. ನಮ್ಮಲ್ಲಿ ಕತೆ ಹೇಳುವಾಗ ಕೇಳುವವರು ಹೂಂಗುಟ್ಟುವ ರೂಢಿಯಿದೆಯಲ್ಲ, ಅದು ಇಲ್ಲಿ ಚೆನ್ನಾಗಿ ಒದಗುತ್ತದೆ. ಒಂದು ಮಗುವಿನ "ಹೂಂ" ಮೊದಲಿನಿಂದ ಬರುತ್ತಿರಲಿ, ಆಮೆ ಬಾಯಿ ತೆರೆದಾಗ ಮಾತ್ರ ನಿಲ್ಲಲಿ. ಹಾರಾಟದ ಕೊನೆಯ ತುಣುಕು ಹೀಗಿರಬಹುದು:

> ದೃಶ್ಯ 3, ಶಾಟ್ 5. ದೂರದ ನೋಟ, 6 ಸೆ. ಕೆಳಗೆ ಮನೆಗಳ ಸಾಲು. ಮೂವರೂ ಎಡದಿಂದ ಬಲಕ್ಕೆ.
> ಜನ: "ಏ, ಅಲ್ಲಿ ನೋಡ್ರೋ! ಕೋಲಿಗೆ ಆಮೆ ನೇತಾಡ್ತಿದೆ!"
>
> ಶಾಟ್ 6. ಆಮೆಯ ಮುಖ, ಹತ್ತಿರದಿಂದ, 8 ಸೆ. ಕಣ್ಣುಗುಡ್ಡೆ ಕೆಳಕ್ಕೆ ಹೊರಳುತ್ತದೆ. ದವಡೆ ಅಲುಗುವುದಿಲ್ಲ.
> ನಿರೂಪಕ: "ಕೆರೇಲಿದ್ದಾಗ ಯಾರು ಏನಂದ್ರೂ ಉತ್ತರ ಕೊಡದೆ ಬಿಟ್ಟಿದ್ದೇ ಇಲ್ಲ."
> ಮಗು: "ಹೂಂ."
>
> ಶಾಟ್ 7. ಅದೇ ಮುಖ, ಇನ್ನೂ ಹತ್ತಿರ, 3 ಸೆ. ಮೊದಲ ಒಂದೂವರೆ ಸೆಕೆಂಡು ಏನೂ ಅಲುಗದು. ಆಮೇಲೆ ದವಡೆ ತೆರೆಯುತ್ತದೆ.
> ಆಮೆ: "ಏನದು ಗ—"
> (ನಿರೂಪಕನೂ ಇಲ್ಲ, ಹೂಂ ಕೂಡ ಇಲ್ಲ.)

ಶಾಟ್ 6ರಲ್ಲಿ ನಿರೂಪಕನ ಸಾಲು ಸುಮಾರು ನಾಲ್ಕು ಸೆಕೆಂಡು. ಉಳಿದ ನಾಲ್ಕು ಕಣ್ಣುಗುಡ್ಡೆಗೆ ಸಲ್ಲುತ್ತವೆ. ಆ ಸಾಲು ಕೆಲಸ ಮಾಡಬೇಕಾದರೆ ದೃಶ್ಯ 1ರಲ್ಲಿ ಆಮೆ ಕಪ್ಪೆಗೂ ಕೊಕ್ಕರೆಗೂ ಎದುರುತ್ತರ ಕೊಟ್ಟಿರಬೇಕು. ಅಲ್ಲಿ ಹಾಗೆ ಬರೆದಿಲ್ಲದಿದ್ದರೆ ಇಲ್ಲಿ ನಿರೂಪಕ ಹೊಸ ವಿಷಯ ಹೇಳಿದಂತಾಗಿ, ಬೀಳುವುದು ಆಕಸ್ಮಿಕ ಎನಿಸುತ್ತದೆ.

ಗೊಂಬೆಯ ವಿನ್ಯಾಸ

ಮಾದರಿ ತೊಗಲುಗೊಂಬೆಯದು. ಪಕ್ಕದ ನೋಟ, ರಂಧ್ರಗಳಿಂದ ಮೂಡುವ ಅಲಂಕಾರ, ಹಿಂದಿನಿಂದ ಬೆಳಕು. ಆಮೆಗೆ ಎಂಟು ಬಿಡಿಭಾಗ ಸಾಕು: ಚಿಪ್ಪು, ಕತ್ತು, ತಲೆ, ಕೆಳದವಡೆ, ನಾಲ್ಕು ಕಾಲು. ಕಣ್ಣುಗುಡ್ಡೆ ತಲೆಯೊಳಗೆ ಬೇರೆ ಪದರ. ಕೀಲಿನಲ್ಲಿ ಕೂಡುವ ಎರಡು ಭಾಗಗಳ ತುದಿಯೂ ಒಂದೇ ಅಳತೆಯ ವೃತ್ತವಾಗಿರಬೇಕು, ತಿರುಗುವ ಬಿಂದು ಆ ವೃತ್ತದ ನಡುವೆಯೇ ಇರಬೇಕು. ಬಿಂದು ಸ್ವಲ್ಪ ಸರಿದರೂ ಕಾಲು ಮಡಚಿದಾಗ ಬಿರುಕು ಕಾಣುತ್ತದೆ.

ತೊಗಲಿನಂತೆ ಬೆಳಕು ತೂರಬೇಕೆಂದು ಪ್ರತಿ ಭಾಗವನ್ನೂ ಬಿಡಿಬಿಡಿಯಾಗಿ ಅರೆಪಾರದರ್ಶಕ ಮಾಡಿದರೆ, ಭಾಗಗಳು ಒಂದರ ಮೇಲೊಂದು ಬರುವ ಕಡೆಯೆಲ್ಲ ಗಾಢ ಕಲೆ ಮೂಡುತ್ತದೆ. ಕಾಲಿನ ಕೀಲಿನಲ್ಲಿ ಅದು ಚೆಂದವೇ, ನಿಜವಾದ ಗೊಂಬೆಯಲ್ಲೂ ಹಾಗೇ ಕಾಣುತ್ತದೆ. ದವಡೆಯಲ್ಲಿ ಮಾತ್ರ ಬೇಡ, ಬಾಯಿ ಮುಚ್ಚಿದ್ದಾಗಲೂ ತೆರೆದಂತೆ ತೋರುತ್ತದೆ. ತಲೆ ಮತ್ತು ದವಡೆಯನ್ನು ಒಂದು ಗುಂಪು ಮಾಡಿ, ಪಾರದರ್ಶಕತೆಯನ್ನು ಗುಂಪಿಗೆ ಕೊಡಿ.

ಹೆಚ್ಚಿನವರು ಎಡವುವುದು ಹಾರಾಟದಲ್ಲಿ. ನೆಲದ ಮೇಲೆ ಆಮೆಯ ಆಧಾರ ಚಿಪ್ಪು: ಅದು ಸರಿದಂತೆ ಕತ್ತು, ತಲೆ ಹಿಂಬಾಲಿಸುತ್ತವೆ. ಆಕಾಶದಲ್ಲಿ ಇದು ತಿರುವುಮುರುವು. ಈಗ ಆಧಾರ ಬಾಯಿ, ಚಿಪ್ಪು ಅದರಿಂದ ನೇತಾಡುತ್ತದೆ. ನೆಲದ ಗೊಂಬೆಯನ್ನೇ ಬಳಸಿದರೆ ಚಿಪ್ಪು ತೂಗಿದಾಗಲೆಲ್ಲ ಬಾಯಿ ಕೋಲಿನ ಮೇಲೆ ಜಾರುತ್ತದೆ, ಪ್ರತಿ ಚೌಕಟ್ಟಿನಲ್ಲೂ ಕೈಯಾರೆ ಸರಿಪಡಿಸಬೇಕಾಗುತ್ತದೆ. ದೃಶ್ಯ 3ಕ್ಕೆ ಎರಡನೇ ಗೊಂಬೆಯನ್ನೇ ಕಟ್ಟಿ. ಅದರಲ್ಲಿ ಆಧಾರಬಿಂದು ಮೇಲ್ದವಡೆ, ಕತ್ತು ಒಂದೂವರೆ ಪಟ್ಟು ಉದ್ದ, ಕಾಲುಗಳು ಸಡಿಲ. ತೊಗಲುಗೊಂಬೆಯವರೂ ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆ ಇಟ್ಟುಕೊಂಡಿರುತ್ತಾರೆ.

ಕೋಲಿನ ಅಳತೆ

ಇದನ್ನು ಚಿತ್ರ ಬರೆಯುವ ಮೊದಲೇ ಲೆಕ್ಕ ಹಾಕಬೇಕು. ಎರಡೂ ಹಂಸಗಳು ಒಂದೇ ದಿಕ್ಕಿಗೆ ಹಾರುತ್ತವೆ. ಮುಂದಿನ ಹಂಸ ಕೋಲಿನ ಮುಂತುದಿಯನ್ನು ಹಿಡಿದಿರುವುದರಿಂದ ಅದರ ಮೈ ಕೋಲಿನ ಮೇಲೆಯೇ ಹಿಂದಕ್ಕೆ ಚಾಚುತ್ತದೆ. ಕೋಲು ಗಿಡ್ಡವಾದರೆ ಆ ಹಂಸದ ರೆಕ್ಕೆ ಆಮೆಯನ್ನು ಮುಚ್ಚುತ್ತದೆ. ಹಂಸದ ಮೈಯ ಮೂರರಷ್ಟು ಉದ್ದದ ಕೋಲು ಇಟ್ಟರೆ ನಡುಬಿಂದು ಒಂದೂವರೆ ಮೈ ದೂರದಲ್ಲಿರುತ್ತದೆ, ಅರ್ಧ ಮೈ ಅಗಲದ ಆಮೆ ಎರಡೂ ಕಡೆ ಬಿಡುವಿನೊಂದಿಗೆ ಕೂರುತ್ತದೆ. ಹಂಸಗಳ ಕತ್ತು ಕೆಳಕ್ಕೆ ಬಾಗಿರಲಿ.

ಹಿಂದಿನ ಹಂಸವೂ ಸೇರಿ ಒಟ್ಟು ಉದ್ದ ನಾಲ್ಕು ಮೈ. 1920 ಪಿಕ್ಸೆಲ್ ಅಗಲದ ಚೌಕಟ್ಟಿನಲ್ಲಿ ಮುಕ್ಕಾಲು ಭಾಗ, ಅಂದರೆ 1440, ಇದಕ್ಕೆ ಕೊಟ್ಟರೆ ಹಂಸ 360, ಆಮೆ 180. ಆಮೆಯ ತಲೆ 40ರ ಆಸುಪಾಸು. ದವಡೆ ತೆರೆದರೂ ಹತ್ತು ಪಿಕ್ಸೆಲ್ ಅಲುಗಿದಂತೆ, ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಶಾಟ್ 6 ಮತ್ತು 7 ಹತ್ತಿರದ ನೋಟವಾದದ್ದು ಇದಕ್ಕೇ. ಆ ಎರಡು ಶಾಟ್‌ಗೆ ತಲೆಯನ್ನು ದೊಡ್ಡದಾಗಿ ಬೇರೆಯೇ ಬರೆಯಿರಿ. ಸಣ್ಣದನ್ನು ಹಿಗ್ಗಿಸಿದರೆ ರಂಧ್ರಗಳ ಅಂಚು ಕಲಸಿಹೋಗುತ್ತದೆ.

ರೆಕ್ಕೆಬಡಿತಕ್ಕೆ ಎಂಟು ಭಂಗಿ. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಒಂದೊಂದನ್ನು ಎರಡು ಚೌಕಟ್ಟು ಹಿಡಿದರೆ ಒಂದು ಬಡಿತ ಸೆಕೆಂಡಿನ ಮೂರನೇ ಎರಡು ಭಾಗ. ಹಿಂದಿನ ಹಂಸವನ್ನು ಎರಡು ಭಂಗಿ ತಡವಾಗಿ ಶುರುಮಾಡಿ, ಇಲ್ಲದಿದ್ದರೆ ಎರಡೂ ಒಂದೇ ಗೊಂಬೆಯ ನಕಲು ಎಂದು ತಕ್ಷಣ ತಿಳಿಯುತ್ತದೆ. ಮೈ ಏರಿಳಿಯಲಿ, ಕೊಕ್ಕು ಮಾತ್ರ ನಿಂತಲ್ಲೇ ನಿಲ್ಲಲಿ. ಆ ವ್ಯತ್ಯಾಸವನ್ನು ಕತ್ತು ನುಂಗಿಕೊಳ್ಳಬೇಕು.

ಚಲನೆಗೆ ಕೈಹಾಕುವ ಮೊದಲು ಕಚ್ಚಾ ಧ್ವನಿಮುದ್ರಣ ಆಗಿರಲಿ. ಚಿತ್ರ ಮುಗಿಸಿ ಧ್ವನಿ ಸೇರಿಸಲು ಹೊರಟರೆ ಶಾಟ್ 7ರ ಮೌನವನ್ನು ನಿರೂಪಕನ ಹಿಂದಿನ ಸಾಲು ತಿಂದುಹಾಕುತ್ತದೆ. ಕಚ್ಚಾ ಧ್ವನಿಯ ಜೊತೆ ನಿಶ್ಚಲ ಚಿತ್ರಗಳನ್ನು ಜೋಡಿಸಿ ಒಮ್ಮೆ ಓಡಿಸಿ, ಆಮೇಲೆ ಧ್ವನಿ ಮುಚ್ಚಿ ಇನ್ನೊಮ್ಮೆ ನೋಡಿ. ಆಮೆ ಯಾಕೆ ಬಿತ್ತೆಂದು ಧ್ವನಿಯಿಲ್ಲದೆ ತಿಳಿಯದಿದ್ದರೆ ತಿದ್ದಬೇಕಾದದ್ದು ದೃಶ್ಯ 1, ಶಾಟ್ 7 ಅಲ್ಲ.