ಅಳಿಸಿದ ಫೋಟೊ ಎದುರಿನವರ ಗ್ಯಾಲರಿಯಲ್ಲೇ ಉಳಿಯುವುದೇಕೆ?

ವಾಟ್ಸ್‌ಆ್ಯಪ್‌ನಲ್ಲಿ ತಪ್ಪಿ ಕಳಿಸಿದ ಫೋಟೊ ಒಂದನ್ನು ‘ಎಲ್ಲರಿಗೂ ಅಳಿಸಿ’ ಎಂದು ಒತ್ತಿ ತೆಗೆದಾಗ ಆ ಜಾಗದಲ್ಲಿ ಸಂದೇಶವನ್ನು ಅಳಿಸಲಾಗಿದೆ ಎಂಬ ಒಂದು ಸಾಲು ಉಳಿಯುತ್ತದೆ. ಕಳಿಸಿದವರ ಪಾಲಿಗೆ ಅದೇ ಕೊನೆಯ ಮಾತು. ತೊಂದರೆ ಇರುವುದೂ ಅಲ್ಲೇ. ಎದುರಿನ ಫೋನಿನಿಂದ ಫೋಟೊ ಪೂರ್ತಿ ಹೋಗಿದ್ದರೂ ಕಾಣುವುದು ಆ ಸಾಲೇ. ಚಾಟ್‌ನಿಂದ ಮಾತ್ರ ಹೋಗಿ ಗ್ಯಾಲರಿಯಲ್ಲಿ ಹಾಗೆಯೇ ಕುಳಿತಿದ್ದರೂ ಕಾಣುವುದು ಆ ಸಾಲೇ. ಎರಡರಲ್ಲಿ ಯಾವುದು ನಡೆದಿದೆ ಎಂದು ಕಳಿಸಿದವರಿಗೆ ತಿಳಿಯುವ ದಾರಿ ಇಂದಿಗೂ ಇಲ್ಲ.

ವಾಟ್ಸ್‌ಆ್ಯಪ್ ಈ ಸೌಲಭ್ಯವನ್ನು ಜನರ ಕೈಗೆ ಕೊಟ್ಟಿದ್ದು 2017ರ ಕೊನೆಯ ತಿಂಗಳುಗಳಲ್ಲಿ. ಅದಕ್ಕೂ ಮೊದಲು ಅಳಿಸಿದರೆ ನಮ್ಮ ಫೋನಿನ ಪ್ರತಿ ಮಾತ್ರ ಹೋಗುತ್ತಿತ್ತು. ಆರಂಭದಲ್ಲಿ ಸಿಕ್ಕಿದ್ದು ಏಳೇ ನಿಮಿಷಗಳ ಅವಕಾಶ. 2018ರಲ್ಲಿ ಅದು ಒಂದು ಗಂಟೆಗೆ ಸ್ವಲ್ಪ ಮೇಲಾಯಿತು, 2022ರ ಆಗಸ್ಟ್‌ನಲ್ಲಿ ಎರಡು ದಿನಗಳನ್ನು ದಾಟಿತು. ಪ್ರತಿ ಸಲವೂ ಸುದ್ದಿಯಾದದ್ದು ಅವಧಿ ಎಷ್ಟು ಹೆಚ್ಚಿತು ಎಂಬುದು. ನನ್ನ ದೃಷ್ಟಿಯಲ್ಲಿ ಇದು ಚರ್ಚೆಯನ್ನು ತಪ್ಪು ದಿಕ್ಕಿಗೆ ಎಳೆಯಿತು. ಫೋಟೊ ಎದುರಿನ ಗ್ಯಾಲರಿಗೆ ಸೇರಲು ಕೆಲವು ಸೆಕೆಂಡುಗಳು ಸಾಕು. ಒಮ್ಮೆ ಸೇರಿದ ಮೇಲೆ ಏಳು ನಿಮಿಷಕ್ಕೂ ಎರಡು ದಿನಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಎಷ್ಟು ಹೊತ್ತಿನೊಳಗೆ ಅಳಿಸಬಹುದು ಎಂಬುದಲ್ಲ, ಯಾವ ಪ್ರತಿಯನ್ನು ಅಳಿಸಬಹುದು ಎಂಬುದು.

ಇದು ಅರ್ಥವಾಗಬೇಕಾದರೆ ಆ ಗುಂಡಿ ಒತ್ತಿದಾಗ ನಡೆಯುವುದೇನು ಎಂದು ನೋಡಬೇಕು. ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವೆ. ತಲುಪಿದ ಮೇಲೆ ಅವು ಇರುವುದು ಫೋನುಗಳಲ್ಲಿ. ಹಾಗಾಗಿ ಕಂಪನಿಯ ಸರ್ವರ್‌ನಲ್ಲಿ ಒಂದು ಸಾಲನ್ನು ಅಳಿಸಿ ಎಲ್ಲರ ಫೋನಿನಿಂದಲೂ ಅದನ್ನು ಮಾಯ ಮಾಡುವಂತಿಲ್ಲ. ‘ಎಲ್ಲರಿಗೂ ಅಳಿಸಿ’ ಎನ್ನುವುದೂ ಒಂದು ಸಂದೇಶವೇ. ‘ಇಂಥ ಗುರುತಿನ ಸಂದೇಶವನ್ನು ತೆಗೆದುಬಿಡು’ ಎಂದು ಎದುರಿನ ಫೋನಿನಲ್ಲಿರುವ ಆ್ಯಪ್‌ಗೆ ಅದು ಹೇಳುತ್ತದೆ. ತೆಗೆಯುವ ಕೆಲಸ ಮಾಡುವುದು ಆ ಫೋನಿನ ಆ್ಯಪ್. ಅಂದರೆ ಆ ಫೋನಿನಲ್ಲಿ ಆ್ಯಪ್‌ಗೆ ಎಷ್ಟು ಅಧಿಕಾರವಿದೆಯೋ ಅಷ್ಟೇ ದೂರ ನಮ್ಮ ಅಳಿಸುವಿಕೆಯೂ ಹೋಗುತ್ತದೆ.

ಆ ಅಧಿಕಾರ ಆಂಡ್ರಾಯ್ಡ್‌ನಲ್ಲಿ ಒಂದು ರೀತಿ, ಐಫೋನ್‌ನಲ್ಲಿ ಇನ್ನೊಂದು ರೀತಿ. ಆಂಡ್ರಾಯ್ಡ್‌ನಲ್ಲಿ ಬಂದ ಫೋಟೊ ಆ್ಯಪ್‌ನದೇ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಈಗಿನ ಫೋನುಗಳಲ್ಲಿ ಅದರ ವಿಳಾಸ ಹೀಗಿರುತ್ತದೆ:

```
Android/media/com.whatsapp/WhatsApp/Media/WhatsApp Images
```

ಗ್ಯಾಲರಿ ಈ ಫೋಲ್ಡರ್‌ನ ಒಳಗೆ ಇಣುಕಿ ತೋರಿಸುತ್ತದೆಯೇ ಹೊರತು ತನ್ನದೊಂದು ಬೇರೆ ಪ್ರತಿ ಮಾಡಿಕೊಳ್ಳುವುದಿಲ್ಲ. ಫೈಲ್ ಆ್ಯಪ್‌ನದು, ಫೋಲ್ಡರ್ ಆ್ಯಪ್‌ನದು. ಅಳಿಸಲು ಯಾರನ್ನೂ ಕೇಳಬೇಕಿಲ್ಲ. ಅಳಿಸುವ ಸೂಚನೆ ಬಂದಾಗ ಫೈಲ್ ಹೋಗುತ್ತದೆ, ಅದರೊಂದಿಗೆ ಗ್ಯಾಲರಿಯಲ್ಲಿ ಕಾಣುತ್ತಿದ್ದ ಚಿತ್ರವೂ ಹೋಗುತ್ತದೆ.

ಐಫೋನ್‌ನಲ್ಲಿ ಚಾಟ್‌ನೊಳಗಿನ ಫೋಟೊ ಒಂದು, Photos ಸಂಗ್ರಹದಲ್ಲಿರುವ ಫೋಟೊ ಇನ್ನೊಂದು. ಬಂದ ಚಿತ್ರಗಳನ್ನು ಉಳಿಸಿಕೊಳ್ಳುವ ಆಯ್ಕೆ ಚಾಲೂ ಇದ್ದರೆ ಆ್ಯಪ್ ಒಂದು ಪ್ರತಿಯನ್ನು ಆ ಸಂಗ್ರಹಕ್ಕೆ ಹಾಕುತ್ತದೆ. ಆ ಗಳಿಗೆಯಿಂದ ಅದು ಫೋನಿನ ಒಡೆಯರ ಸ್ವತ್ತು. ಅದನ್ನು ಅಳಿಸಲು ಯಾವುದೇ ಆ್ಯಪ್ ಮುಂದಾದರೂ ಐಫೋನ್ ಆ ಚಿತ್ರವನ್ನು ಪುಟ್ಟದಾಗಿ ತೋರಿಸಿ, ಅಳಿಸಲು ಒಪ್ಪಿಗೆಯೇ ಎಂದು ಒಡೆಯರನ್ನೇ ಕೇಳುತ್ತದೆ. ಇದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ: ಯಾರೂ ನೋಡಬಾರದೆಂದು ನೀವು ಅಳಿಸಹೊರಟ ಚಿತ್ರವನ್ನೇ ಮುಂದೆ ಹಿಡಿದು, ಇದನ್ನು ಅಳಿಸಲೇ ಎಂದು ಎದುರಿನವರನ್ನು ಕೇಳಿದಂತೆ. ಸದ್ದಿಲ್ಲದೆ ಅಳಿಸುವ ದಾರಿ ಅಲ್ಲಿ ಇಲ್ಲವೇ ಇಲ್ಲ. ಈ ನಿಯಮವನ್ನು ನಾನು ತಪ್ಪೆನ್ನಲಾರೆ. ನಮ್ಮ ಸಂಗ್ರಹದಿಂದ ಯಾವುದೋ ಆ್ಯಪ್ ಹೇಳದೆ ಕೇಳದೆ ಚಿತ್ರಗಳನ್ನು ತೆಗೆಯುವಂತಾದರೆ ಮನೆಯವರ ಫೋಟೊಗಳಿಗೂ ಭದ್ರತೆ ಇರುವುದಿಲ್ಲ. ತಪ್ಪಿರುವುದು ಗುಂಡಿಯ ಹೆಸರಿನಲ್ಲಿ. ಅದು ಕೊಡಲಾಗದ್ದನ್ನು ಕೊಡುತ್ತೇನೆ ಎನ್ನುತ್ತದೆ.

ಈ ಅಂತರ ಬಹಿರಂಗವಾಗಿ ಚರ್ಚೆಗೆ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಐಫೋನ್‌ಗೆ ಕಳಿಸಿದ ಚಿತ್ರಗಳು ಅಳಿಸಿದ ಮೇಲೂ ಸಂಗ್ರಹದಲ್ಲಿ ಉಳಿಯುತ್ತವೆ ಎಂದು ಭದ್ರತಾ ಸಂಶೋಧಕರೊಬ್ಬರು ತೋರಿಸಿದರು. ವಾಟ್ಸ್‌ಆ್ಯಪ್ ಇದನ್ನು ದೋಷವೆಂದು ಪರಿಗಣಿಸಲಿಲ್ಲ. ಅಳಿಸಿದ ಬಳಿಕವೂ ಐಫೋನ್ ಬಳಸುವವರ Photos ಸಂಗ್ರಹದಲ್ಲಿ ಚಿತ್ರ ಉಳಿದಿರಬಹುದು ಎಂಬ ಮಾತು ಅದರ ಸಹಾಯ ಪುಟದಲ್ಲಿ ಒಂದು ಸಾಲಾಗಿ ಇದೆ. ಗುಂಡಿ ಒತ್ತುವ ಅವಸರದಲ್ಲಿರುವವರು ಆ ಪುಟವನ್ನು ತೆರೆಯುವುದಿಲ್ಲ.

ಅದೇ ತಿಂಗಳು ಟೆಲಿಗ್ರಾಂನಲ್ಲೂ ಇಂಥದೇ ಸಂಗತಿ ಹೊರಬಿತ್ತು, ಆದರೆ ಅದರ ಸ್ವರೂಪ ಬೇರೆ. ಟೆಲಿಗ್ರಾಂ ಅದೇ ವರ್ಷದ ಮಾರ್ಚ್‌ನಲ್ಲಿ, ಇಬ್ಬರ ನಡುವಿನ ಚಾಟ್‌ನ ಯಾವುದೇ ಸಂದೇಶವನ್ನು ಯಾವಾಗ ಬೇಕಾದರೂ ಎರಡೂ ಕಡೆಯಿಂದ ಅಳಿಸುವ ಅವಕಾಶ ಕೊಟ್ಟಿತ್ತು. ಆಂಡ್ರಾಯ್ಡ್ ಫೋನಿನಲ್ಲಿ ಹೀಗೆ ಅಳಿಸಿದ ಚಿತ್ರ ಚಾಟ್‌ನಿಂದ ಹೋದರೂ ಟೆಲಿಗ್ರಾಂನ ಸ್ವಂತ ಫೋಲ್ಡರ್‌ನಲ್ಲಿ ಉಳಿಯುತ್ತಿದೆ ಎಂದು ಸಂಶೋಧಕ ಧೀರಜ್ ಮಿಶ್ರಾ ಕಂಡುಹಿಡಿದರು. ಇಲ್ಲಿ ಅಳಿಸುವ ಅಧಿಕಾರ ಆ್ಯಪ್‌ಗೆ ಇತ್ತು, ಅಳಿಸಿರಲಿಲ್ಲ ಅಷ್ಟೇ. ಟೆಲಿಗ್ರಾಂ ಅದನ್ನು ದೋಷವೆಂದು ಒಪ್ಪಿ 5.11 ಆವೃತ್ತಿಯಲ್ಲಿ ಸರಿಪಡಿಸಿತು, ಮಿಶ್ರಾ ಅವರಿಗೆ 2,500 ಯೂರೊ ಬಹುಮಾನವನ್ನೂ ಕೊಟ್ಟಿತು. ಸರಿಪಡಿಸಬಹುದಾದ ಲೋಪ ಒಂದು, ವ್ಯವಸ್ಥೆಯೇ ಹಾಕಿದ ಗಡಿ ಇನ್ನೊಂದು. ಈ ಎರಡನ್ನೂ ಬೆರೆಸಿದರೆ ಆ್ಯಪ್ ಅಪ್‌ಡೇಟ್ ಮಾಡಿಕೊಂಡರೆ ಸಾಕು ಎಂಬ ತಪ್ಪು ನಂಬಿಕೆ ಹುಟ್ಟುತ್ತದೆ.

ಧ್ವನಿ ಸಂದೇಶದ ಕಥೆ ಬೇರೆ. ಫೋಟೊಗಳು ತಾವಾಗಿ ಡೌನ್‌ಲೋಡ್ ಆಗದಂತೆ ಎದುರಿನವರು ಸೆಟ್ಟಿಂಗ್ಸ್‌ನಲ್ಲಿ ತಡೆದಿರಬಹುದು. ಧ್ವನಿ ಸಂದೇಶಕ್ಕೆ ಆ ತಡೆ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅದು ಯಾವಾಗಲೂ ತಾನಾಗಿಯೇ ಇಳಿಯುತ್ತದೆ. ಅಷ್ಟಾದರೂ ಅದು ಗ್ಯಾಲರಿಗೆ ಹೋಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ WhatsApp Voice Notes ಎಂಬ ಫೋಲ್ಡರ್‌ನೊಳಗೆ PTT ಎಂದು ಆರಂಭವಾಗಿ .opus ಎಂದು ಮುಗಿಯುವ ಹೆಸರಿನ ಫೈಲ್ ಆಗಿ ಅದು ಇರುತ್ತದೆ. ಅಲ್ಲಿರುವ .nomedia ಎಂಬ ಖಾಲಿ ಫೈಲ್, ಈ ಫೋಲ್ಡರ್‌ನೊಳಗೆ ಹುಡುಕಬೇಡಿ ಎಂದು ಗ್ಯಾಲರಿ ಮತ್ತು ಸಂಗೀತದ ಆ್ಯಪ್‌ಗಳಿಗೆ ಸೂಚಿಸುತ್ತದೆ. ಐಫೋನ್‌ನಲ್ಲೂ ಧ್ವನಿ Photos ಸಂಗ್ರಹಕ್ಕೆ ಸೇರುವುದಿಲ್ಲ. ಹೀಗಾಗಿ ಅಳಿಸಿದ ಧ್ವನಿ ಸಂದೇಶ ಸಾಮಾನ್ಯವಾಗಿ ನಿಜವಾಗಿಯೇ ಹೋಗುತ್ತದೆ. ಅದು ಉಳಿಯುವುದು ಯಾರಾದರೂ ಬೇಕೆಂದೇ ಬೇರೆಡೆಗೆ ಕಳಿಸಿದ್ದರೆ ಅಥವಾ ಉಳಿಸಿಕೊಂಡಿದ್ದರೆ ಮಾತ್ರ. ಫೋಟೊ ಉಳಿಯಲು ಎದುರಿನವರು ಏನೂ ಮಾಡಬೇಕಿಲ್ಲ. ಧ್ವನಿ ಉಳಿಯಲು ಅವರು ಏನಾದರೂ ಮಾಡಿರಬೇಕು.

ಒಂದು ಉದಾಹರಣೆಯನ್ನು ಹಂತ ಹಂತವಾಗಿ ನೋಡೋಣ. ಒಬ್ಬರು ತಮ್ಮ ಗುರುತಿನ ಚೀಟಿಯ ಫೋಟೊವನ್ನು ಅಕ್ಕನಿಗೆ ಕಳಿಸಹೋಗಿ ಕಚೇರಿಯ ಗುಂಪಿಗೆ ಹಾಕಿಬಿಟ್ಟರು, ನಾಲ್ಕು ನಿಮಿಷದ ಬಳಿಕ ಅಳಿಸಿದರು ಎಂದುಕೊಳ್ಳಿ. ಗುಂಪಿನ ಮೊದಲ ಸದಸ್ಯೆಯ ಆಂಡ್ರಾಯ್ಡ್ ಫೋನಿನಲ್ಲಿ ಫೈಲ್ ಇಳಿದಿತ್ತು, ಸೂಚನೆ ಬಂದಾಗ ಹೋಯಿತು. ಎರಡನೆಯವರದು ಐಫೋನ್, ಉಳಿಸಿಕೊಳ್ಳುವ ಆಯ್ಕೆ ಚಾಲೂ ಇತ್ತು. ಚಾಟ್‌ನಲ್ಲಿ ಹೋಯಿತು, ಸಂಗ್ರಹದಲ್ಲಿ ಉಳಿಯಿತು. ಮೂರನೆಯವರ ಫೋನ್ ಇಡೀ ಹೊತ್ತು ಆಫ್ ಆಗಿತ್ತು. ಆನ್ ಮಾಡಿದಾಗ ಫೋಟೊದ ಸಂದೇಶವೂ ಅಳಿಸುವ ಸೂಚನೆಯೂ ಒಟ್ಟಿಗೇ ಬಂದವು. ಅವರಿಗೆ ಚಿತ್ರ ಕಾಣಿಸುವ ಸಾಧ್ಯತೆ ತೀರಾ ಕಡಿಮೆ. ನಾಲ್ಕನೆಯವರದು ಮತ್ತೆ ಆಂಡ್ರಾಯ್ಡ್, ಆದರೆ WhatsApp Images ಫೋಲ್ಡರ್‌ಗೆ ಗೂಗಲ್ ಫೋಟೋಸ್‌ನ ಬ್ಯಾಕಪ್ ಹಾಕಿಕೊಂಡಿದ್ದರು. ನಾಲ್ಕು ನಿಮಿಷದಲ್ಲಿ ಚಿತ್ರ ಅವರ ಖಾತೆಗೆ ಏರಿಬಿಟ್ಟಿತ್ತು. ಫೋನಿನಿಂದ ಫೈಲ್ ಹೋದರೂ ಖಾತೆಯಲ್ಲಿನ ಪ್ರತಿ ಹೋಗಲಿಲ್ಲ, ಏಕೆಂದರೆ ಅದರ ಮೇಲೆ ವಾಟ್ಸ್‌ಆ್ಯಪ್‌ಗೆ ಹಿಡಿತವಿಲ್ಲ. ಆಂಡ್ರಾಯ್ಡ್ ಎಂದರೆ ಸುರಕ್ಷಿತ ಎಂದು ಭಾವಿಸುವವರು ಎಡವುವುದು ಇಲ್ಲಿ. ಇಷ್ಟೆಲ್ಲ ಆದರೂ ಕಳಿಸಿದವರ ತೆರೆಯಲ್ಲಿ ಕಂಡದ್ದು ಅದೇ ಒಂದು ಸಾಲು.

ನಂತರ ಬಂದ ಸೌಲಭ್ಯಗಳು ಹೆಚ್ಚಾಗಿ ಈ ಗಡಿಯನ್ನು ಸುತ್ತಿಬಳಸುವ ಪ್ರಯತ್ನಗಳು. 2020ರ ನವೆಂಬರ್‌ನಲ್ಲಿ ಬಂದ ತಾನಾಗಿ ಮಾಯವಾಗುವ ಸಂದೇಶಗಳಿಗೂ ಅದೇ ಮಿತಿ ಅಂಟಿಕೊಂಡಿತ್ತು. ಸಂದೇಶ ಹೋದರೂ ಅದಕ್ಕೂ ಮೊದಲೇ ಫೋನಿಗೆ ಇಳಿದ ಚಿತ್ರ ಉಳಿಯಬಹುದಿತ್ತು. ನಿಜವಾದ ತಿರುವು 2021ರ ಆಗಸ್ಟ್‌ನ ‘ಒಮ್ಮೆ ಮಾತ್ರ ನೋಡಿ’ ಆಯ್ಕೆ. ಅದರಲ್ಲಿ ಚಿತ್ರ ಗ್ಯಾಲರಿಗೆ ಸೇರುವುದೇ ಇಲ್ಲ. ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವ ಬದಲು ಪ್ರತಿ ಹುಟ್ಟದಂತೆ ನೋಡಿಕೊಳ್ಳುವ ಯೋಚನೆ ಇದು. 2023ರ ಡಿಸೆಂಬರ್‌ನಲ್ಲಿ ಧ್ವನಿ ಸಂದೇಶಕ್ಕೂ ಇದು ಬಂತು. 2025ರ ಏಪ್ರಿಲ್‌ನಲ್ಲಿ ಬಂದ ಹೆಚ್ಚುವರಿ ಖಾಸಗಿತನದ ಆಯ್ಕೆ, ಆ ಚಾಟ್‌ನ ಚಿತ್ರಗಳು ಇತರರ ಫೋನಿನಲ್ಲಿ ತಾವಾಗಿ ಉಳಿಯದಂತೆ ತಡೆಯುತ್ತದೆ. ಎದುರಿನವರು ಇನ್ನೊಂದು ಫೋನಿನಿಂದ ತೆರೆಯ ಫೋಟೊ ತೆಗೆದರೆ ಇವ್ಯಾವುವೂ ಏನೂ ಮಾಡಲಾರವು.

ಗೊತ್ತಿರಬೇಕಾದ ಮಾತೆಂದರೆ, ಈ ಎಲ್ಲ ತಡೆಗಳನ್ನೂ ಕಳಿಸುವ ಮುಂಚೆಯೇ ಹಾಕಬೇಕು. ಆಗಲೇ ಹೋಗಿಬಿಟ್ಟ ಚಿತ್ರಕ್ಕೆ ಮೊದಲು ‘ಎಲ್ಲರಿಗೂ ಅಳಿಸಿ’ ಒತ್ತಬೇಕು, ಆಮೇಲೆ ಮನುಷ್ಯರನ್ನೇ ಕೇಳಬೇಕು. ‘ದಯವಿಟ್ಟು ಅಳಿಸಿಬಿಡಿ’ ಎಂದಷ್ಟೇ ಕೇಳಿದರೆ ಅವರು ಚಾಟ್ ನೋಡಿ, ಆಗಲೇ ಹೋಗಿದೆಯಲ್ಲ ಎನ್ನುತ್ತಾರೆ. ಜಾಗವನ್ನು ಹೆಸರಿಸಿ ಕೇಳಬೇಕು. ಐಫೋನ್ ಇರುವವರಿಗಾದರೆ Photos ಸಂಗ್ರಹದಲ್ಲಿ ನೋಡಲು, ಬ್ಯಾಕಪ್ ಇಟ್ಟುಕೊಂಡವರಿಗಾದರೆ ಗೂಗಲ್ ಫೋಟೋಸ್‌ನಲ್ಲಿ ನೋಡಲು ಹೇಳಬೇಕು. ಅಲ್ಲಿ ಅಳಿಸಿದ ಮೇಲೂ ಒಂದು ಹೆಜ್ಜೆ ಬಾಕಿ ಇರುತ್ತದೆ. ಐಫೋನ್ ಅಳಿಸಿದ ಚಿತ್ರವನ್ನು Recently Deleted ಎಂಬಲ್ಲಿ ಸುಮಾರು 30 ದಿನ ಇಟ್ಟುಕೊಳ್ಳುತ್ತದೆ. ಗೂಗಲ್ ಫೋಟೋಸ್ ಬ್ಯಾಕಪ್ ಆದ ಚಿತ್ರವನ್ನು ಕಸದ ಬುಟ್ಟಿಯಲ್ಲಿ 60 ದಿನ ಇಡುತ್ತದೆ. ಅವುಗಳನ್ನೂ ಖಾಲಿ ಮಾಡಲು ಅದೇ ಮಾತಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎರಡನೆಯ ಸಲ ಕೇಳುವುದು ಕಳಿಸಿದವರಿಗೂ ಪಡೆದವರಿಗೂ ಮುಜುಗರದ ಸಂಗತಿ.