ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ ಜೋರಾದರೆ ಹಮಾಲಿಗಳ ಸೊಂಟಕ್ಕೆ ಬಿಡುವಿಲ್ಲ. 15 ಕೆ.ಜಿ.ಯ ಬಾಕ್ಸುಗಳನ್ನು ಬಗ್ಗಿ ಎತ್ತಿ ಲಾರಿಗೆ ತುಂಬುತ್ತಲೇ ಇರಬೇಕು. ಅಲ್ಲಿ ನಲವತ್ತರ ಆಸುಪಾಸಿನ ಒಬ್ಬನಿಗೆ ಸೋಮವಾರ ಬಾಕ್ಸ್ ಎತ್ತುವಾಗ ಸೊಂಟ ಹಿಡಿಯಿತು ಎಂದಿಟ್ಟುಕೊಳ್ಳಿ. ನೋವು ಬಲ ತೊಡೆಯ ಹಿಂಬದಿಯಿಂದ ಪಾದದವರೆಗೆ ಇಳಿಯುತ್ತದೆ. ಇಂಜೆಕ್ಷನ್, ಮಾತ್ರೆ, ಎರಡು ದಿನ ರಜೆ. ಇಷ್ಟಕ್ಕೆ ಗಾಬರಿ ಬೇಡ. ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಜರುಗಿ ಕಾಲಿಗೆ ನೋವು ಇಳಿದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಸುಧಾರಿಸಿಕೊಳ್ಳುತ್ತಾರೆ.

ಗುರುವಾರ ರಾತ್ರಿ ನೋವು ಎಡಗಾಲಿಗೂ ಬರುತ್ತದೆ. ಶುಕ್ರವಾರ ಬೆಳಿಗ್ಗೆ ತೊಳೆದುಕೊಳ್ಳುವಾಗ ನೀರು ತಾಕಿದ್ದೇ ಅವನಿಗೆ ತಿಳಿಯುವುದಿಲ್ಲ. ಮೂತ್ರಕ್ಕೆ ನಿಂತರೆ ಮುಕ್ಕಬೇಕು. ಬರುತ್ತಿದೆ ಅನ್ನುವುದೂ ಶಬ್ದ ಕೇಳಿದ ಮೇಲೆಯೇ ಗೊತ್ತಾಗುವುದು. "ಉಷ್ಣ ಆಗೈತೆ ಅಣ್ಣ, ಎರಡು ಎಳ್ನೀರು ಕುಡಿ" ಅನ್ನುತ್ತಾನೆ ಜೊತೆಗಾರ. ನಮ್ಮ ಕಡೆ ಮೂತ್ರದ ತೊಂದರೆ ಅಂದರೆ ಒಂದೋ ಉಷ್ಣ, ಇಲ್ಲವೇ ಕಲ್ಲು. ಆದರೆ ಉರಿಯೂ ಇಲ್ಲ, ಕಲ್ಲಿನ ಹಾಗೆ ಹಿಂಡುವ ನೋವೂ ಇಲ್ಲ. ಮೂತ್ರ ಕಟ್ಟಿದೆ, ಆದರೂ ಕಟ್ಟಿದ ಯಾತನೆಯಿಲ್ಲ. ನನ್ನ ಪ್ರಕಾರ ಹೆದರಬೇಕಾದದ್ದು ಇದಕ್ಕೇ.

ಮಿದುಳುಬಳ್ಳಿ ಬೆನ್ನಿನ ಉದ್ದಕ್ಕೂ ಇಳಿಯುವುದಿಲ್ಲ. ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟದಲ್ಲೇ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಇಳಿಬಿದ್ದಿರುತ್ತವೆ. ಈ ಗೊಂಚಲಿಗೆ ಕಾಡಾ ಈಕ್ವೈನಾ ಎಂದು ಹೆಸರು. ಡಿಸ್ಕ್ ಪಕ್ಕಕ್ಕೆ ಜರುಗಿದರೆ ಸಾಮಾನ್ಯವಾಗಿ ಒಂದು ಕಾಲಿನ ನರ ಸಿಕ್ಕಿಕೊಳ್ಳುತ್ತದೆ. ದೊಡ್ಡ ತುಂಡೊಂದು ನೇರ ನಡುವಿಗೆ ನುಗ್ಗಿದರೆ ಇಡೀ ಗೊಂಚಲು ಅದುಮಿಹೋಗುತ್ತದೆ. ಗೊಂಚಲಿನ ನಡುವೆ ಇರುವುದು ಮೂತ್ರಕೋಶ, ಗುದದ್ವಾರ, ಜನನಾಂಗಗಳಿಗೆ ಹೋಗುವ ತೆಳು ನರಗಳು. ತೊಡೆಸಂದಿಯಿಂದ ಕೂರುವ ಜಾಗದವರೆಗಿನ ಚರ್ಮಕ್ಕೆ ಸ್ಪರ್ಶ ಕೊಡುವವೂ ಇವೇ. ಸೈಕಲ್ ಸೀಟಿಗೆ ತಾಗುವ ಆ ಭಾಗ ಜೋಮು ಹಿಡಿದರೆ, ಮೂತ್ರಕೋಶದ ನರಗಳಿಗೂ ಪೆಟ್ಟು ಬೀಳುತ್ತಿದೆ ಎಂದು ಭಾವಿಸಬೇಕು.

ಮೂತ್ರಕೋಶ ತುಂಬಿದೆ ಎಂಬ ಸುದ್ದಿ ಮೇಲಕ್ಕೆ ಹೋಗುವುದು, ಹಿಂಡು ಎಂಬ ಆದೇಶ ಕೆಳಕ್ಕೆ ಬರುವುದು, ಎರಡೂ ಈ ನರಗಳ ಮೂಲಕವೇ. ಎರಡೂ ನಿಂತಾಗ ಚೀಲ ಸದ್ದಿಲ್ಲದೆ ಊದುತ್ತಾ ಹೋಗಿ, ಕೊನೆಗೆ ಹನಿಹನಿಯಾಗಿ ಸೋರತೊಡಗುತ್ತದೆ. ಮನೆಯವರಿಗೆ "ಸದ್ಯ, ಮೂತ್ರ ಹೋಗ್ತಾ ಇದೆ" ಅನ್ನಿಸುತ್ತದೆ. ನಿಜಕ್ಕೂ ಅದು ತುಂಬಿ ಹೊರಚೆಲ್ಲುತ್ತಿರುವುದು. ಅದರ ಮೇಲೆ ಎಳನೀರು, ಬಾರ್ಲಿ ನೀರು ಕುಡಿಸಿದರೆ ಚೀಲ ಇನ್ನಷ್ಟು ಊದುತ್ತದೆ. ಕೆಲವು ನೋವಿನ ಮಾತ್ರೆಗಳಿಂದಲೂ ಮೂತ್ರ ಕಟ್ಟಬಹುದು, ನಿಜ. ಆದರೆ ಜೋಮು ಇದ್ದಾಗ ಮಾತ್ರೆಯ ಮೇಲೆ ತಪ್ಪು ಹೊರಿಸಿ ಕಾಯುವಂತಿಲ್ಲ. ಕಾಲಿನ ನೋವು ಇಳಿದು ಮರಗಟ್ಟುವಿಕೆ ಏರಿದರೆ ಅದನ್ನು ಗುಣವಾಗುತ್ತಿದೆ ಎಂದು ತಿಳಿಯಲೂ ಬಾರದು. ಈ ಹೊತ್ತಿನಲ್ಲಿ ಉಳುಕು ತೆಗೆಸಲು ಹೋಗುವುದಂತೂ ಬೇಡವೇ ಬೇಡ.

ಕ್ಯಾಶುವಾಲಿಟಿಯಲ್ಲಿ "ಸೊಂಟ ನೋವು ಸಾರ್" ಎಂದಷ್ಟೇ ಹೇಳಿದರೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಕಳಿಸಿಯಾರು. ಹೇಳಬೇಕಾದ್ದು ಹೀಗೆ: "ಎರಡೂ ಕಾಲಿಗೆ ನೋವಿದೆ, ತೊಳೆಯುವಾಗ ಸ್ಪರ್ಶ ಗೊತ್ತಾಗಲ್ಲ, ನಿನ್ನೆ ರಾತ್ರಿಯಿಂದ ಮೂತ್ರ ಸರಿಯಾಗಿ ಆಗ್ತಿಲ್ಲ." ಹೆಂಗಸರು ಇದನ್ನು ಸೊಸೆಗೋ ಮಗಳಿಗೋ ಹೇಳಲೂ ನಾಚುತ್ತಾರೆ, ಹಾಗಾಗಿ ಕೇಳಿ ತಿಳಿಯುವುದು ಮನೆಯವರದ್ದೇ ಕೆಲಸ. ವೈದ್ಯರು ಗುದದ ಸುತ್ತ ಪಿನ್ನಿನಿಂದ ಚುಚ್ಚಿ ನೋಡುತ್ತಾರೆ. ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನಿಂಗ್ ಮಾಡುತ್ತಾರೆ. ನಮ್ಮ ಹಮಾಲಿಗೆ ಅದು 600 ಮಿ.ಲೀ. ಎಂದು ಬಂತು ಎನ್ನೋಣ. 200 ದಾಟಿದರೇ ಅನುಮಾನ ಬಲವಾಗುತ್ತದೆ. ಕಡಿಮೆ ಬಂದರೂ ಉಳಿದ ಲಕ್ಷಣಗಳಿದ್ದರೆ ಎಂಆರ್‌ಐ ಬೇಕೇ ಬೇಕು, ಅದೂ ಅಂದೇ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕಾಗಲಿ ನರವಾಗಲಿ ಕಾಣುವುದಿಲ್ಲ. ಎಕ್ಸ್‌ರೇ ನಾರ್ಮಲ್ ಇದೆ ಎಂದು ಮನೆಗೆ ಮರಳಿದವನಿಗೆ ಅಪಾಯ ಹಾಗೆಯೇ ಉಳಿದಿರುತ್ತದೆ.

ಎಂಆರ್‌ಐಯಲ್ಲಿ ಗೊಂಚಲು ಅದುಮಿರುವುದು ಕಂಡರೆ ತುರ್ತು ಆಪರೇಷನ್. ಬೆನ್ನಿನ ಕಡೆಯಿಂದ ಮೂಳೆಯ ಹಿಂಬದಿಯ ಕಮಾನನ್ನು ತೆರೆದು, ಒತ್ತುತ್ತಿರುವ ಡಿಸ್ಕಿನ ತುಂಡನ್ನು ತೆಗೆಯುತ್ತಾರೆ. 48 ಗಂಟೆಯ ಒಳಗೆ ಎಂಬ ಮಾತು ಬಳಕೆಯಲ್ಲಿದೆ, ಆದರೆ ಅಷ್ಟು ಹೊತ್ತು ಕಾಯಬಹುದು ಎಂದು ಅದರ ಅರ್ಥವಲ್ಲ. ಬೆಂಗಳೂರು ಸುಮಾರು 70 ಕಿ.ಮೀ. ದೂರ, ಸೋಮವಾರ ಓಪಿಡಿಗೆ ಹೋಗೋಣ ಎಂದುಕೊಂಡರೆ ಮೂರು ದಿನ ಹೋಯಿತು. ಮುಕ್ಕಿಯಾದರೂ ಮೂತ್ರ ಹೋಗುತ್ತಿರುವಾಗಲೇ ಒತ್ತಡ ಬಿಡಿಸಿಕೊಂಡವರಿಗೆ ಹಿಡಿತ ಉಳಿಯುವ ಸಾಧ್ಯತೆ ಹೆಚ್ಚು. ಪೂರ್ತಿ ಕಟ್ಟಿ, ಸೋರತೊಡಗಿದ ಮೇಲೆ ಬಂದವರಲ್ಲಿ ಹಲವರಿಗೆ ತೊಂದರೆ ಉಳಿದುಬಿಡುತ್ತದೆ. ಕಾಲಿನ ನೋವು ಬೇಗ ಇಳಿದರೂ ಮೂತ್ರದ ಹಿಡಿತ ಮರಳಲು ತಿಂಗಳುಗಳೇ, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ. ಅಲ್ಲಿಯವರೆಗೆ ದಿನಕ್ಕೆ ನಾಲ್ಕೈದು ಸಲ ತಾವೇ ಸಣ್ಣ ಪೈಪ್ ಹಾಕಿ ಮೂತ್ರ ತೆಗೆಯುವುದನ್ನು ನರ್ಸ್ ಹೇಳಿಕೊಡುತ್ತಾರೆ.