ದಾಸರ ಪದಕ್ಕೂ ಕಾಪಿರೈಟ್ ಉಂಟಾ?

ಪ್ರಶ್ನೆ: ನಾನು ಉಡುಪಿಯವ. ಯೂಟ್ಯೂಬ್‌ನಲ್ಲಿ ಸಣ್ಣದೊಂದು ಚಾನೆಲ್ ಇದೆ. ರಥಬೀದಿಯ ಉತ್ಸವದ ವಿಡಿಯೊಗೆ ಹಳೇ ಕ್ಯಾಸೆಟ್ಟಿನಲ್ಲಿದ್ದ ಪುರಂದರದಾಸರ ಪದವನ್ನು ಸೇರಿಸಿದ್ದೆ. ಅದೇ ಪದವನ್ನು ಅಮ್ಮ ಮನೆಯಲ್ಲಿ ಹಾರ್ಮೋನಿಯಂ ಹಿಡಿದು ಹಾಡಿದ್ದನ್ನೂ ಬೇರೆ ವಿಡಿಯೊ ಮಾಡಿ ಹಾಕಿದ್ದೆ. ಎರಡಕ್ಕೂ ಕಾಪಿರೈಟ್ ಕ್ಲೇಮ್ ಬಂದಿದೆ. ದಾಸರೇನು ಕಂಪನಿಗೆ ಹಕ್ಕು ಬರೆದುಕೊಟ್ಟಿದ್ದಾರಾ? ನನ್ನ ಚಾನೆಲ್ ಹೋಗುತ್ತದಾ?

ಉತ್ತರ: ಈಗ ಬಂದದ್ದರಿಂದ ಚಾನೆಲ್ ಹೋಗುವುದಿಲ್ಲ ಮಾರಾಯ್ರೆ. ನಿಮಗೆ ಬಂದದ್ದು ಒಂದೊಂದು ವಿಡಿಯೊ ಮೇಲಿನ ಕ್ಲೇಮ್, ಚಾನೆಲ್ ಮೇಲೆಯೇ ಬೀಳುವ ಸ್ಟ್ರೈಕ್ ಅಲ್ಲ. ಆದರೆ ಸಿಟ್ಟಿನಲ್ಲಿ ಎರಡಕ್ಕೂ ಒಂದೇ ಉತ್ತರ ಬರೆದು ಕಳಿಸಿದರೆ ಕ್ಲೇಮೇ ಸ್ಟ್ರೈಕ್ ಆಗಬಹುದು.

ದಾಸರು 16ನೇ ಶತಮಾನದವರು. ಅವರ ಸಾಹಿತ್ಯ ಯಾರ ಸ್ವತ್ತೂ ಅಲ್ಲ, ನೀವೂ ಹಾಡಬಹುದು, ನಾನೂ ಹಾಡಬಹುದು. ಆದರೆ ಕ್ಯಾಸೆಟ್ಟಿನಲ್ಲಿ ಇರುವುದು ಬರೀ ದಾಸರ ಸಾಹಿತ್ಯವಲ್ಲ. ಯಾರೋ ಹಾಡಿ, ಇನ್ಯಾರೋ ವಾದ್ಯ ನುಡಿಸಿ, ಒಂದು ಕಂಪನಿ ದುಡ್ಡು ಹಾಕಿ ಮಾಡಿಸಿದ ಧ್ವನಿಮುದ್ರಣ ಅದು. ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ ಧ್ವನಿಮುದ್ರಣಕ್ಕೆ ಅದರದ್ದೇ ಆದ ಹಕ್ಕು ಇದೆ, ಬಿಡುಗಡೆಯಾದ ಮೇಲೆ 60 ವರ್ಷ. ಹಾಗಾಗಿ 80ರ ದಶಕದ ಕ್ಯಾಸೆಟ್ಟಿಗೆ ಇನ್ನೂ ಮಾಲೀಕರಿದ್ದಾರೆ. ರಾಗ ಸಂಯೋಜನೆಯನ್ನು ಈಚಿನ ಕಾಲದವರು ಹೊಸದಾಗಿ ಮಾಡಿದ್ದರೆ ಅದಕ್ಕೂ ಪ್ರತ್ಯೇಕ ಹಕ್ಕು ಇರಬಹುದು. ‘ಹತ್ತು ಸೆಕೆಂಡು ಹಾಕಿದರೆ ತೊಂದರೆ ಇಲ್ಲ’, ‘ಕೆಳಗೆ ಗಾಯಕರ ಹೆಸರು ಹಾಕಿದರೆ ಸಾಕು’ ಎನ್ನುವುದೆಲ್ಲ ಕಟ್ಟೆಯ ಮೇಲಿನ ಮಾತು.

ಕ್ಲೇಮ್ ಹಾಕಿದ್ದು ಸಾಮಾನ್ಯವಾಗಿ ಮನುಷ್ಯರಲ್ಲ. ಕಂಪನಿಗಳು ತಮ್ಮ ಹಾಡುಗಳನ್ನು ಕಂಟೆಂಟ್ ಐಡಿ ಎಂಬ ವ್ಯವಸ್ಥೆಗೆ ಕೊಟ್ಟಿರುತ್ತವೆ. ನೀವು ಅಪ್‌ಲೋಡ್ ಮಾಡಿದ ವಿಡಿಯೊವನ್ನು ಅದು ಆ ಹಾಡುಗಳ ಜೊತೆ ಹೋಲಿಸಿ ನೋಡುತ್ತದೆ. ಹೊಂದಿದರೆ, ಮಾಲೀಕರು ಮೊದಲೇ ಹೇಳಿಟ್ಟಂತೆ ವಿಡಿಯೊ ಬ್ಲಾಕ್ ಆಗುತ್ತದೆ, ಇಲ್ಲವೇ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ, ಅದೂ ಇಲ್ಲದಿದ್ದರೆ ಎಷ್ಟು ಜನ ನೋಡಿದರು ಎಂಬ ಲೆಕ್ಕ ಮಾತ್ರ ಅವರಿಗೆ ಸಿಗುತ್ತದೆ. ಪೆಟ್ಟು ಆ ಒಂದು ವಿಡಿಯೊಗೆ, ಚಾನೆಲ್‌ಗಲ್ಲ. ನಿಮ್ಮ ಅಮ್ಮನ ಧ್ವನಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ, ನಿಜ. ಆದರೆ ಕಂಟೆಂಟ್ ಐಡಿ ಹಾಡಿನ ಧಾಟಿಯನ್ನೂ ಹಿಡಿಯುತ್ತದೆ. ಅಮ್ಮ ಕ್ಯಾಸೆಟ್ ಕೇಳಿಯೇ ಕಲಿತಿದ್ದರೆ ಅದೇ ಧಾಟಿ ಬಂದಿರುತ್ತದೆ.

ಈಗ ಒಂದೊಂದಾಗಿ ನೋಡುವ. ಉತ್ಸವದ ವಿಡಿಯೊದಲ್ಲಿ ವಾದ ಮಾಡಲು ಏನೂ ಇಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ಕ್ಲೇಮ್ ತೆರೆದರೆ ಹಾಡು ಎಲ್ಲಿಂದ ಎಲ್ಲಿವರೆಗೆ ಸಿಕ್ಕಿಬಿದ್ದಿದೆ ಎಂದು ನಿಮಿಷ, ಸೆಕೆಂಡಿನ ಸಮೇತ ತೋರಿಸುತ್ತದೆ. ಅಲ್ಲಿಯೇ ಆ ಭಾಗ ಕತ್ತರಿಸಬಹುದು, ಹಾಡನ್ನು ಮ್ಯೂಟ್ ಮಾಡಬಹುದು, ಬೇರೆ ಹಾಡು ಹಾಕಬಹುದು. ಸರಿಯಾಗಿ ಆದರೆ ಕ್ಲೇಮ್ ತಾನಾಗಿ ಬಿಟ್ಟುಹೋಗುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು: ಚೆಂಡೆ, ವಾದ್ಯ, ಜನರ ಗೌಜಿಯ ನೈಜ ಸದ್ದು ಕೈಯಲ್ಲಿರುವಾಗ ಅದರ ಮೇಲೆ ಕ್ಯಾಸೆಟ್ ಯಾಕೆ ಸುರಿಯುತ್ತೀರಿ?

ಅಮ್ಮನ ವಿಡಿಯೊಗೆ ಡಿಸ್ಪ್ಯೂಟ್ ಹಾಕಬಹುದು. ಸಾಹಿತ್ಯ 16ನೇ ಶತಮಾನದ್ದು, ಹಾಡಿದ್ದೂ ನುಡಿಸಿದ್ದೂ ಅಮ್ಮ, ಕ್ಯಾಸೆಟ್ಟಿನ ಒಂದು ತುಣುಕೂ ಇದರಲ್ಲಿಲ್ಲ ಎಂದು ನಾಲ್ಕು ಸಾಲು ಬರೆಯಿರಿ. ಅದಕ್ಕೆ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ: ಆ ಧಾಟಿ ಪರಂಪರೆಯಿಂದ ಬಂದದ್ದೋ, ಕ್ಯಾಸೆಟ್ಟಿಗಾಗಿ ಯಾರಾದರೂ ಹೊಸದಾಗಿ ಕೂಡಿಸಿದ್ದೋ? ಎರಡನೆಯದಾದರೆ ನಿಮ್ಮ ವಾದ ಕುಂಟುತ್ತದೆ. ಉತ್ತರಿಸಲು ಕಂಪನಿಗೆ 30 ದಿನ ಇದೆ. ಅಷ್ಟರಲ್ಲಿ ಅವರು ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ನಿರಾಕರಿಸಿದರೆ ನೀವು ಅಪೀಲು ಮಾಡಬಹುದು, ಅದಕ್ಕೆ ಅವರಿಗೆ 7 ದಿನ.

ಸ್ಟ್ರೈಕ್ ಹುಟ್ಟುವುದು ಇಲ್ಲಿ. ಅಪೀಲಿಗೆ ಒಪ್ಪದ ಕಂಪನಿ ‘ವಿಡಿಯೊ ತೆಗೆಯಿರಿ’ ಎಂದು ಕಾನೂನು ಪ್ರಕಾರ ಯೂಟ್ಯೂಬ್‌ಗೆ ಬರೆಯಬಹುದು. ಡಿಸ್ಪ್ಯೂಟ್ ಹಂತದಲ್ಲೇ ಹಾಗೆ ಮಾಡುವ ಅವಕಾಶವೂ ಅವರಿಗಿದೆ. ಆ ಕೋರಿಕೆ ಸರಿಯಾಗಿದ್ದರೆ ವಿಡಿಯೊ ಹೋಗುತ್ತದೆ, ಚಾನೆಲ್ ಮೇಲೆ ಸ್ಟ್ರೈಕ್ ಕೂರುತ್ತದೆ. ಕ್ಯಾಸೆಟ್ ಹಾಡಿನ ವಿಡಿಯೊಗೂ ‘ದಾಸರ ಪದ, ಹಕ್ಕಿಲ್ಲ’ ಎಂದು ಹಠ ಹಿಡಿದರೆ ನೀವು ತಲುಪುವುದು ಇಲ್ಲಿಗೇ.

ಮೊದಲ ಸ್ಟ್ರೈಕಿಗೆ ಕಾಪಿರೈಟ್ ಸ್ಕೂಲ್ ಎಂಬ ಪುಟ್ಟ ಪಾಠ ಮುಗಿಸಬೇಕು. ಮುಗಿಸಿದರೆ 90 ದಿನದಲ್ಲಿ ಸ್ಟ್ರೈಕ್ ಅಳಿಯುತ್ತದೆ: ಫೆಬ್ರವರಿ 1ಕ್ಕೆ ಬಂದದ್ದು ಮೇ ಶುರುವಿನ ತನಕ ಇರುತ್ತದೆ. ಗಾಬರಿಯಲ್ಲಿ ವಿಡಿಯೊ ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುವುದಿಲ್ಲ. 90 ದಿನದೊಳಗೆ ಮೂರು ಸೇರಿದರೆ ಚಾನೆಲ್ಲೇ ಮುಚ್ಚುವ ಹಂತ, ವಿಡಿಯೊಗಳೆಲ್ಲ ಅದರ ಜೊತೆಗೇ. ಹೊಸ ಚಾನೆಲ್ ತೆರೆಯುವ ದಾರಿಯೂ ಮುಚ್ಚಿದಂತೆ.

ಸ್ಟ್ರೈಕ್ ಬಂದ ಮೇಲೂ ಎರಡು ದಾರಿ ಇವೆ. ಕೋರಿಕೆ ಹಿಂದೆ ತೆಗೆಯಿರಿ ಎಂದು ಕಂಪನಿಗೇ ಮೇಲ್ ಮಾಡಬಹುದು. ತಪ್ಪು ಅವರದೇ ಎಂಬ ಧೈರ್ಯವಿದ್ದರೆ, ವಿಡಿಯೊ ತೆಗೆದದ್ದು ಸರಿಯಲ್ಲ ಎಂದು ಯೂಟ್ಯೂಬ್‌ಗೆ ಕೌಂಟರ್ ನೋಟಿಫಿಕೇಶನ್ ಕೊಡಬಹುದು. 10 ಕೆಲಸದ ದಿನಗಳಲ್ಲಿ ಅವರು ಕೋರ್ಟಿಗೆ ಹೋಗದಿದ್ದರೆ ವಿಡಿಯೊ ವಾಪಸ್ ಬರುತ್ತದೆ. ಆದರೆ ಅದರಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು, ಅದು ಎದುರಿನವರ ಕೈಗೂ ಹೋಗುತ್ತದೆ. ಅಮ್ಮನ ಹಾಡಿಗಾದರೆ ಕೊಡಿ. ಕ್ಯಾಸೆಟ್ಟಿಗೆ ಬೇಡ.